ಟೆರೇಸಿನ ಮೇಲಿನ ಮಳೆಮಾಪಕ

ನಮ್ಮ ಬ್ಯಾಚಿನವರಿಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ಎಂದರೆ ಮೊದಲು ನೆನಪಾಗುವುದು ಲ್ಯಾಬಲ್ಲ, ಅದರ ಟೆರೇಸು. ಅಲ್ಲಿದ್ದ ಮಳೆಮಾಪಕವನ್ನು ವೈಫೈಗೆ ಜೋಡಿಸುವುದೇ ನಮ್ಮ ಕೊನೆಯ ವರ್ಷದ ಪ್ರಾಜೆಕ್ಟು. ಶಿರಸಿಯಲ್ಲಿ ಮಳೆ ಅಳೆಯುವುದಕ್ಕೆ ಕಾರಣ ಕೊಡಬೇಕಾಗಿಲ್ಲ. ಆದರೆ ಇಲ್ಲಿ ಮಳೆ ಜೋರಾದಾಗಲೇ ಕರೆಂಟು ಹೋಗುತ್ತದೆ, ಅಂದರೆ ಅಳೆಯಲೇಬೇಕಾದ ಹೊತ್ತಿಗೇ ನೆಟ್‌ವರ್ಕ್ ಇರುವುದಿಲ್ಲ. ಪ್ರಾಜೆಕ್ಟಿನ ತಿರುಳೆಲ್ಲ ಇದ್ದದ್ದು ಅಲ್ಲೇ.

ಮಾಪಕದೊಳಗೆ ತಕ್ಕಡಿಯಂತೆ ಆಚೀಚೆ ವಾಲುವ ಪುಟ್ಟ ಜೋಡಿ ಬಟ್ಟಲು. 0.2 ಮಿ.ಮೀ. ಮಳೆಯ ನೀರು ತುಂಬಿದರೆ ಒಂದು ಬಟ್ಟಲು ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲುವಾಗ ಒಂದು ಅಯಸ್ಕಾಂತ ರೀಡ್ ಸ್ವಿಚ್ಚಿನ ಎದುರು ಹಾದುಹೋಗಿ ಕ್ಷಣಮಾತ್ರ ಅದನ್ನು ಮುಚ್ಚುತ್ತದೆ. ಆ ಸ್ವಿಚ್ಚಿನ ತಂತಿ ವೈಫೈ ಇರುವ ಪುಟ್ಟ ಇಎಸ್‌ಪಿ8266 ಬೋರ್ಡಿಗೆ. ಬೋರ್ಡು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಕೆಳಗೆ ಲ್ಯಾಬಿನಲ್ಲಿದ್ದ ವೈಫೈ ರೌಟರ್ ಮತ್ತು ಸಂದೇಶಗಳನ್ನು ಪಡೆದು ಹಂಚುವ ಮಸ್ಕೀಟೋ ಬ್ರೋಕರ್ ಎಂಬ ತಂತ್ರಾಂಶ ಓಡುತ್ತಿದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಎರಡೂ ಗೋಡೆಯ ಪ್ಲಗ್ಗಿನ ಕರೆಂಟಿನ ಮೇಲೆ.

ಮೊದಲ ಯೋಜನೆ ಎಲ್ಲರಿಗೂ ಹೊಳೆಯುವಂಥದ್ದೇ: ಬಟ್ಟಲು ವಾಲಿದಾಗಲೆಲ್ಲ ಎಂಕ್ಯೂಟಿಟಿ ಎಂಬ ಪದ್ಧತಿಯಲ್ಲಿ ಬ್ರೋಕರಿಗೆ ಒಂದು ಸಂದೇಶ ಕಳಿಸುವುದು, ಪೈ ಅವನ್ನು ಎಣಿಸಿಕೊಳ್ಳುವುದು. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಸರ್ ಕರಿಹಲಗೆಯ ಮೇಲೆ ಬರೆದಿದ್ದನ್ನು ಓದಿ, "ಕರೆಂಟು ಹೋದಾಗ ಬಿದ್ದ ಮಳೆ ಯಾರ ಲೆಕ್ಕದಾಗೆ ಬರೂದೋ ತಮಾ?" ಅಂದರು. ಯಾರೂ ಬಾಯಿ ಬಿಡಲಿಲ್ಲ.

ಉತ್ತರ ಅವರೇ ಹೇಳಿಕೊಟ್ಟರು. ಮನೆಯ ಕರೆಂಟ್ ಮೀಟರ್ ಇದೆಯಲ್ಲ, ರೀಡಿಂಗಿನವನು ಒಂದು ತಿಂಗಳು ಬರದಿದ್ದರೂ ಮುಂದಿನ ತಿಂಗಳ ಅಂಕಿಯಲ್ಲಿ ಎರಡೂ ತಿಂಗಳದ್ದು ಸೇರಿರುತ್ತದೆ. ಹಾಗೆಯೇ ಬೋರ್ಡು "ಈಗೊಮ್ಮೆ ವಾಲಿತು" ಅನ್ನಬಾರದು, "ಇಲ್ಲಿಯವರೆಗೆ ಒಟ್ಟು ಇಷ್ಟು ಸಲ ವಾಲಿದೆ" ಅನ್ನಬೇಕು. ನಡುವೆ ಹತ್ತು ಸಂದೇಶ ಕಳೆದುಹೋದರೂ ಹನ್ನೊಂದನೆಯದರಲ್ಲಿ ಎಲ್ಲ ಬಂದಿರುತ್ತದೆ. ನಾವು ಬಳಸಿದ `PubSubClient` ಲೈಬ್ರರಿ ಸಂದೇಶಗಳನ್ನು ಕ್ಯೂಓಎಸ್ 0ಯಲ್ಲಿ ಮಾತ್ರ ಕಳಿಸಬಲ್ಲದು, ಅಂದರೆ ಮುಟ್ಟಿತೋ ಇಲ್ಲವೋ ಎಂದು ಕೇಳುವ ಪದ್ಧತಿಯೇ ಇಲ್ಲ. `publish()` "ಸರಿ" ಎಂದು ಮರಳಿದರೂ ಅದರರ್ಥ ಸಂದೇಶ ಬೋರ್ಡಿನಿಂದ ಹೊರಡಲು ಸಿದ್ಧವಾಯಿತು ಎಂದಷ್ಟೇ. ರೌಟರಿನಾಚೆ ಪೈ ಸತ್ತು ಬಿದ್ದಿದ್ದರೂ ಸ್ವಲ್ಪ ಹೊತ್ತು ಹಾಗೇ "ಸರಿ" ಎನ್ನುತ್ತಿರುತ್ತದೆ. ಒಟ್ಟು ಸಂಖ್ಯೆ ಕಳಿಸುವವರಿಗೆ ಇದರಿಂದ ತೊಂದರೆಯಿಲ್ಲ.

ಒಂದು ರಾತ್ರಿಯ ಲೆಕ್ಕ ಹೀಗೆ. ಕರೆಂಟು ಹೋಗುವ ಮುಂಚಿನ ಕೊನೆಯ ಸಂದೇಶದಲ್ಲಿ 812. ಒಂದೂವರೆ ಗಂಟೆ ಬಿಟ್ಟು ಕರೆಂಟು ಬಂದ ಮೇಲಿನ ಮೊದಲ ಸಂದೇಶದಲ್ಲಿ 1017. ವ್ಯತ್ಯಾಸ 205, ಅಂದರೆ 41 ಮಿ.ಮೀ. ಮಳೆ. ವಾಲಿದ್ದಕ್ಕೊಂದು ಸಂದೇಶದ ಯೋಜನೆಯಲ್ಲಿ ಇಷ್ಟೂ ಸೊನ್ನೆಯಾಗುತ್ತಿತ್ತು. ಆ ಒಂದೂವರೆ ಗಂಟೆಯೊಳಗೆ ಯಾವಾಗ ಎಷ್ಟು ಸುರಿಯಿತು ಎಂಬುದು ಮಾತ್ರ ಇದರಿಂದ ತಿಳಿಯುವುದಿಲ್ಲ. ಅದೂ ಬೇಕೆಂದರೆ ನಿಮಿಷ ನಿಮಿಷದ ಅಂಕಿಯನ್ನು ಬೋರ್ಡೇ ಕೂಡಿಟ್ಟುಕೊಳ್ಳಬೇಕು. ನಮಗೆ ಅಷ್ಟು ಬೇಕಿರಲಿಲ್ಲ. ಬೋರ್ಡೇ ರೀಸೆಟ್ ಆದರೆ ಎಣಿಕೆ ಸೊನ್ನೆಗೆ ಮರಳುವುದರಿಂದ, ಎಷ್ಟನೆಯ ಸಲ ಚಾಲೂ ಆಯಿತೆಂಬ ಸಂಖ್ಯೆಯನ್ನೂ ಸಂದೇಶದೊಳಗೆ ಸೇರಿಸಿದೆವು. ಆ ಸಂಖ್ಯೆ ಬದಲಾದರೆ ಪೈ ಹಳೆಯ ಅಂಕಿಯಿಂದ ಕಳೆಯದೆ ಹೊಸದಾಗಿ ಶುರುಮಾಡುತ್ತಿತ್ತು.

ಎಷ್ಟು ಹೊತ್ತಿಗೊಂದು ಸಂದೇಶ ಎಂಬುದೂ ಇದರಿಂದಲೇ ತೀರ್ಮಾನವಾಯಿತು. ಗ್ರಾಫ್ ಚೆನ್ನಾಗಿ ಓಡಬೇಕೆಂದು ಗೆಳೆಯನೊಬ್ಬ ಸೆಕೆಂಡಿಗೊಂದು ಕಳಿಸೋಣ ಎನ್ನುತ್ತಿದ್ದ. ದಿನಕ್ಕೆ 86,400 ಸಂದೇಶ. ಗಂಟೆಗೆ 60 ಮಿ.ಮೀ. ಸುರಿಯುವ ಭಾರೀ ಮಳೆಯಲ್ಲೂ ಬಟ್ಟಲು ವಾಲುವುದು 300 ಸಲ, ಅಂದರೆ 12 ಸೆಕೆಂಡಿಗೊಮ್ಮೆ. ಹನ್ನೆರಡರಲ್ಲಿ ಹನ್ನೊಂದು ಸಂದೇಶ ಹೇಳಿದ್ದನ್ನೇ ಹೇಳುತ್ತವೆ. ಮಳೆ ಬರುತ್ತಿದ್ದಾಗ ನಿಮಿಷಕ್ಕೊಂದು, ಬರದಿದ್ದಾಗ ಹತ್ತು ನಿಮಿಷಕ್ಕೊಂದು ಎಂದು ಇಟ್ಟೆವು. ಮಳೆ ಇಲ್ಲದಾಗ ಪೂರ್ತಿ ಸುಮ್ಮನಿರಿಸಿದರೆ ಬಿಸಿಲಿದೆಯೋ ಬೋರ್ಡು ಸತ್ತಿದೆಯೋ ಪೈಗೆ ತಿಳಿಯದು, ಅದಕ್ಕೇ ಆ ಹತ್ತು ನಿಮಿಷದ್ದು.

ಇನ್ನು ಮರುಸಂಪರ್ಕದ ಕಥೆ. ಲೈಬ್ರರಿಯ ಜೊತೆ ಬರುವ ಮಾದರಿ ಕೋಡಿನಲ್ಲಿ ಬ್ರೋಕರ್ ಸಿಗುವವರೆಗೆ `while` ಒಳಗೇ ಸುತ್ತುತ್ತ, ಪ್ರತಿ ಸೋಲಿಗೂ ಐದು ಸೆಕೆಂಡು ನಿಲ್ಲುವ ಫಂಕ್ಷನ್ ಇದೆ. ಕಲಿಯಲು ಅಡ್ಡಿಯಿಲ್ಲ, ಟೆರೇಸಿಗೆ ಆಗದು. ಬ್ರೋಕರ್ ಇಲ್ಲದಷ್ಟು ಹೊತ್ತೂ `loop()` ಮುಂದೆ ಸಾಗುವುದೇ ಇಲ್ಲ. ಸ್ವಿಚ್ಚನ್ನು ಅಲ್ಲಿ ಓದುತ್ತಿದ್ದರೆ ಆ ಹೊತ್ತಿನ ಮಳೆ ಹೋದಂತೆ. ಹಾಗಾಗಿ ಎಣಿಕೆಯನ್ನು, ನಡೆಯುತ್ತಿರುವ ಕೆಲಸವನ್ನು ತಡೆದು ತಕ್ಷಣ ಓಡುವ ಇಂಟರಪ್ಟ್‌ಗೆ ಕೊಟ್ಟು (ಸ್ವಿಚ್ಚು ನಡುಗಿ ಎರಡೆರಡು ಎಣಿಸದಂತೆ 200 ಮಿಲಿಸೆಕೆಂಡಿನೊಳಗೆ ಮತ್ತೆ ಬಂದದ್ದನ್ನು ಬಿಟ್ಟುಬಿಡುತ್ತಿತ್ತು), ಸಂಪರ್ಕದ ಪ್ರಯತ್ನವನ್ನು ಹೀಗೆ ಬರೆದೆವು:

```cpp
if (client.connected()) {
  client.loop();
} else if (millis() - lastTry >= waitMs) {
  bool ok = WiFi.status() == WL_CONNECTED
            && client.connect("male-terrace");
  waitMs = ok ? 1000UL : min(waitMs * 2, 60000UL);
  lastTry = millis();
}
```

ಒಂದು ಸಲ ಪ್ರಯತ್ನಿಸಿ ಆಗದಿದ್ದರೆ ಮುಂದಿನ ಕೆಲಸಕ್ಕೆ ಹೋಗುತ್ತದೆ. ಕಾಯುವ ಹೊತ್ತು 2, 4, 8 ಸೆಕೆಂಡು ಎಂದು ಇಮ್ಮಡಿಯಾಗುತ್ತ ಒಂದು ನಿಮಿಷಕ್ಕೆ ನಿಲ್ಲುತ್ತದೆ. `connect()` ಕೂಡ ಉತ್ತರಕ್ಕಾಗಿ ಕೆಲವು ಸೆಕೆಂಡು ತಡೆಯುವುದುಂಟು, ಹಾಗಾಗಿ ಇಂಟರಪ್ಟ್ ಬೇಕೇ ಬೇಕು.

ಕರೆಂಟು ಬಂದ ಮೇಲೆ ಏನೇನು ಯಾವಾಗ ಎದ್ದೇಳುತ್ತದೆ ಎಂದು ನೋಡುವುದರಲ್ಲಿ ಮಜಾ ಇತ್ತು. ರೌಟರ್ ಎದ್ದೇಳಲು ನಿಮಿಷವಾದರೂ ಬೇಕು. ಆಗ ಎರಡೆರಡು ಸೆಕೆಂಡಿಗೆ `WiFi.begin()` ಕರೆಯುತ್ತಿದ್ದರೆ ನಡೆಯುತ್ತಿದ್ದ ಜೋಡಣೆಯನ್ನೇ ಅದು ಮುರಿದು ಮೊದಲಿನಿಂದ ಶುರುಮಾಡುತ್ತದೆ, ಸಿಗ್ನಲ್ ಇದ್ದರೂ ಸೇರುವುದೇ ಇಲ್ಲ. ಅದನ್ನು ಒಮ್ಮೆ ಕರೆದು ಅರ್ಧ ನಿಮಿಷ ಬಿಟ್ಟುಬಿಡಬೇಕು. ವೈಫೈ ಸಿಕ್ಕ ಮೇಲೂ ಮಸ್ಕೀಟೋ ಇನ್ನೂ ಎದ್ದಿರದಿದ್ದರೆ `client.state()` -2 ತೋರಿಸುತ್ತದೆ. ಅದು ಕಾದರೆ ಸರಿಹೋಗುವಂಥದ್ದು. 4 ಅಥವಾ 5 ಬಂದರೆ ಹೆಸರು, ಪಾಸ್‌ವರ್ಡ್, ಅನುಮತಿಯ ತಕರಾರು. ಎಷ್ಟು ಕಾದರೂ ಪ್ರಯೋಜನವಿಲ್ಲ.

ಹಾಸ್ಟೆಲಿನ ಮೇಲೆ ಎರಡನೆಯ ಮಾಪಕ ಕೂರಿಸಿದಾಗ ಎರಡೂ ಕೆಲವೇ ಸೆಕೆಂಡಿಗೊಮ್ಮೆ ಸಂಪರ್ಕ ಕಡಿದುಕೊಳ್ಳತೊಡಗಿದವು. ಸಿಗ್ನಲ್ ಕಡಿಮೆಯೆಂದು ಎಲ್ಲರೂ ಆಂಟೆನಾ ತಿರುಗಿಸುತ್ತಿದ್ದರೆ, ಸರ್ ಮಸ್ಕೀಟೋ ಲಾಗ್ ತೆರೆದು `already connected, closing old connection` ಎಂಬ ಸಾಲು ತೋರಿಸಿದರು. ಎರಡೂ ಬೋರ್ಡುಗಳಲ್ಲಿ ಒಂದೇ ಕ್ಲೈಂಟ್ ಐಡಿ. ಅದೇ ಹೆಸರಿನ ಹೊಸಬ ಬಂದರೆ ಬ್ರೋಕರ್ ಹಳಬನನ್ನು ಹೊರಹಾಕಬೇಕೆಂಬುದು ಎಂಕ್ಯೂಟಿಟಿಯ ನಿಯಮ. ಹೊರಬಿದ್ದವನು ಮತ್ತೆ ಬಂದು ಇವನನ್ನು ಹಾಕುತ್ತಾನೆ. ಹೆಸರು ಬದಲಿಸಿದ್ದೇ ಜಗಳ ನಿಂತಿತು.

ಈಗ ಆ ಮಾಪಕ ನೋಡಿಕೊಳ್ಳುತ್ತಿರುವ ತಮ್ಮಂದಿರಿಗೆ ಒಂದು ಮಾತು. ಕೊಳವೆಗೆ ಎಲೆ ಸಿಕ್ಕಿಕೊಂಡರೆ ಬೋರ್ಡು ಹತ್ತು ನಿಮಿಷಕ್ಕೊಮ್ಮೆ ನಿಷ್ಠೆಯಿಂದ ಸಂದೇಶ ಕಳಿಸುತ್ತಲೇ ಇರುತ್ತದೆ, ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಅಂಕಿ ಕದಲುವುದಿಲ್ಲ. ಮೇ ಕೊನೆಗೆ ಒಮ್ಮೆ ಮೇಲೆ ಹತ್ತಿ ಜಾಲರಿ ತೊಳೆಯಿರಿ. ಮಾಪಕದ ಬಾಯಿ 200 ಚದರ ಸೆಂ.ಮೀ. ಇರುವುದರಿಂದ ಒಂದು ವಾಲಿಗೆ 4 ಮಿ.ಲೀ. ನೀರು. 400 ಮಿ.ಲೀ. ಅಳೆದು ಹನಿಹನಿಯಾಗಿ ಬಿಡಿ, ಅಂಕಿ ನೂರು ಏರಬೇಕು. ಒಮ್ಮೆಲೇ ಸುರಿದರೆ ಬಟ್ಟಲು ವಾಲುತ್ತಿರುವಾಗಲೇ ನೀರು ಹರಿದುಹೋಗಿ ಎಣಿಕೆ ಕಡಿಮೆ ಬರುತ್ತದೆ, ಅದನ್ನು ನೋಡಿ ಸ್ಕ್ರೂ ತಿರುಗಿಸಬೇಡಿ.