ಅಲಾರಂ ಬರಲಿಲ್ಲ, ಆದರೂ ಶುಗರ್ ಏರಿತು: ಪಂಪ್ ಸೆಟ್ ಬದಲಿಸುವಾಗ ನೋಡಬೇಕಾದ್ದು

ಇನ್ಸುಲಿನ್ ಪಂಪ್ ಬಳಸುವುದನ್ನು ಕಲಿಸುವ ನಮ್ಮಂಥವರಿಗೆ ಪದೇ ಪದೇ ಬರುವ ದೂರು ಒಂದೇ: "ಸೆಟ್ ಬದಲಿಸಿದೆ, ಅಲಾರಂ ಏನೂ ಬಂದಿಲ್ಲ, ಆದರೂ ಶುಗರ್ ಏರ್ತಾನೇ ಇದೆ." ಸೆಟ್ ಅಂದರೆ ಪಂಪ್‌ನಿಂದ ಚರ್ಮದಡಿಗೆ ಇನ್ಸುಲಿನ್ ಒಯ್ಯುವ ಟ್ಯೂಬ್ ಮತ್ತು ಅದರ ತುದಿ. ಪಂಪ್‌ಗೆ ಗೊತ್ತಾಗುವುದು ಒತ್ತಡ ಮಾತ್ರ. ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಅದು ಕೂಗುತ್ತದೆ. ಸೋರಿದರೆ ಒತ್ತಡ ಏರುವುದೇ ಇಲ್ಲ, ಗಾಳಿ ಹೋದರೂ ಅದಕ್ಕೆ ತಿಳಿಯದು. ಕೊಟ್ಟ ಲೆಕ್ಕ ಪರದೆಯ ಮೇಲೆ ಸರಿಯಾಗೇ ಇರುತ್ತದೆ. ಹಾಗಾಗಿ ಇವೆರಡನ್ನೂ ನಾವೇ ಹಿಡಿಯಬೇಕು.

ಗುಳ್ಳೆಯ ಮೂಲ ಹೆಚ್ಚಾಗಿ ಫ್ರಿಜ್. ತಣ್ಣಗಿನ ಇನ್ಸುಲಿನ್‌ನಲ್ಲಿ ಗಾಳಿ ಹೆಚ್ಚು ಕರಗಿರುತ್ತದೆ. ಮೈಗೆ ತಾಗಿಕೊಂಡಿರುವ ಪಂಪ್‌ನೊಳಗೆ ಅದು ಬೆಚ್ಚಗಾದಂತೆ ಗಾಳಿ ಹೊರಬಿದ್ದು ಗುಳ್ಳೆಯಾಗುತ್ತದೆ. ಬಾಟಲಿಯನ್ನು ಮೊದಲೇ ಹೊರಗಿಟ್ಟು, ಕೈಗೆ ತಂಪು ಹತ್ತದಂತಾದ ಮೇಲೆ ಪಂಪ್‌ನೊಳಗೆ ಇನ್ಸುಲಿನ್ ಇರುವ ಕೊಳವೆಗೆ, ಅಂದರೆ ರಿಸರ್ವಾಯರ್‌ಗೆ ತುಂಬಿಸಿ. ಕುಲುಕಬೇಡಿ, ಪ್ಲಂಜರ್ ನಿಧಾನಕ್ಕೆ ಎಳೆಯಿರಿ. ರಿಸರ್ವಾಯರ್‌ನ ಬಾಯಿ ಮೇಲಕ್ಕಿಟ್ಟು ಬೆರಳಿನಿಂದ ತಟ್ಟಿದರೆ ಗುಳ್ಳೆಗಳು ಮೇಲೇರುತ್ತವೆ, ಅವನ್ನು ಹೊರಗೆ ತಳ್ಳಿ.

ಮುಂದೆ ಟ್ಯೂಬ್ ತುಂಬಿಸುವುದು. ಆಗ ಸೆಟ್ ಮೈಗೆ ಸಿಕ್ಕಿಸಿರಲೇಬಾರದು. ಟ್ಯೂಬ್ ತುಂಬಲು ಬೇಕಾದಷ್ಟು ಇನ್ಸುಲಿನ್ ಒಮ್ಮೆಲೇ ಒಳಹೋದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ತುದಿಯಲ್ಲಿ ಹನಿಗಳು ಒಂದರ ಹಿಂದೊಂದು ಬೀಳುವವರೆಗೆ ತುಂಬಿಸಿ, ಆಮೇಲೆ ಟ್ಯೂಬನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿ.

ಗುಳ್ಳೆ ಕಂಡರೆ ಎಷ್ಟು ಚಿಂತಿಸಬೇಕು? ಗಾಳಿ ಚರ್ಮದ ಕೆಳಗೆ ಹೋದರೆ ಅಪಾಯವಿಲ್ಲ, ಅದು ರಕ್ತನಾಳವಲ್ಲ. ನಷ್ಟವೆಂದರೆ ಆ ಜಾಗದಲ್ಲಿ ಇರಬೇಕಿದ್ದ ಇನ್ಸುಲಿನ್. 60 ಸೆಂ.ಮೀ. ಟ್ಯೂಬ್ ತುಂಬಲು 10 ಯೂನಿಟ್ ಹಿಡಿಯಿತು ಅಂದುಕೊಳ್ಳಿ. ಆಗ 6 ಸೆಂ.ಮೀ.ಗೆ ಒಂದು ಯೂನಿಟ್, 3 ಸೆಂ.ಮೀ. ಗುಳ್ಳೆಗೆ ಅರ್ಧ ಯೂನಿಟ್. ಬೇಸಲ್, ಅಂದರೆ ದಿನವಿಡೀ ಹರಿಯುವ ಇನ್ಸುಲಿನ್, ಗಂಟೆಗೆ 1 ಯೂನಿಟ್ ಇರುವ ದೊಡ್ಡವರಿಗೆ ಅದು ಅರ್ಧ ಗಂಟೆಯ ಕೊರತೆ. ಗಂಟೆಗೆ 0.2 ಯೂನಿಟ್ ಇರುವ ಮಗುವಿಗೆ ಎರಡೂವರೆ ಗಂಟೆ ಇನ್ಸುಲಿನ್ನೇ ಇಲ್ಲದಂತೆ. ಸಾಸಿವೆಯಷ್ಟು ಗುಳ್ಳೆಗೆ ತಲೆ ಕೆಡಿಸಿಕೊಳ್ಳಬೇಡಿ. ಉದ್ದದ ಗುಳ್ಳೆ ಕಂಡರೆ ಸೆಟ್ ಅನ್ನು ಮೈಯಿಂದ ಬಿಡಿಸಿ, ಅದು ಹೊರಬೀಳುವವರೆಗೆ ಮತ್ತೆ ತುಂಬಿಸಿ.

ಜಾಗದ ವಿಷಯಕ್ಕೆ ಬಂದರೆ, ಕಣ್ಣಿಗಿಂತ ಬೆರಳನ್ನು ನಂಬಿ. ಒಂದೇ ಕಡೆ ಮತ್ತೆ ಮತ್ತೆ ಚುಚ್ಚಿದರೆ ಚರ್ಮದಡಿ ಕೊಬ್ಬಿನ ಗಂಟು ಬೆಳೆಯುತ್ತದೆ. ನೋಡಿದರೆ ಕಾಣದಿದ್ದರೂ ಸವರಿದರೆ ರಬ್ಬರ್‌ನಂತೆ ಸಿಗುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಜನ ಅಲ್ಲಿಗೇ ಮರಳುತ್ತಾರೆ. ಆದರೆ ಅಲ್ಲಿಂದ ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ಮೈಗೆ ಸೇರುತ್ತದೆ. ಹೊಕ್ಕುಳಿಂದ 5 ಸೆಂ.ಮೀ., ಹಿಂದಿನ ಜಾಗದಿಂದ ಸುಮಾರು 3 ಸೆಂ.ಮೀ. ದೂರವಿರಲಿ, ಕಲೆ, ಬೆಲ್ಟ್ ಉಜ್ಜುವ ಗೆರೆ ಬೇಡ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬಂದವರಿಗೆ ಅದೇ ಡೋಸ್ ಹೆಚ್ಚಾಗಿ ಶುಗರ್ ಇಳಿಯಬಹುದು, ವೈದ್ಯರಿಗೆ ಮೊದಲೇ ತಿಳಿಸಿ.

ಸೆಟ್ ಹಾಕಿ ಸೂಜಿ ತೆಗೆದ ಮೇಲೆ ಚರ್ಮದಡಿ ಉಳಿಯುವ ಮೃದು ಕೊಳವೆ, ಅಂದರೆ ಕ್ಯಾನುಲಾ, ಖಾಲಿಯಿರುತ್ತದೆ. ಅದನ್ನು ತುಂಬಿಸಲು ಸೆಟ್‌ನ ಕೈಪಿಡಿ ಹೇಳಿದಷ್ಟು ಕೊಡಿ. ಹಲವು ಸೆಟ್‌ಗಳಲ್ಲಿ 6 ಮಿ.ಮೀ.ಗೆ 0.3, 9 ಮಿ.ಮೀ.ಗೆ 0.5 ಯೂನಿಟ್. ಸ್ಟೀಲ್ ಸೂಜಿಯ ಸೆಟ್‌ಗೆ ಈ ಹಂತವೇ ಇಲ್ಲ.

ಸೋರುವ ಕಡೆ ಮೂರು: ರಿಸರ್ವಾಯರ್‌ಗೆ ಟ್ಯೂಬ್ ಸೇರುವಲ್ಲಿ, ಬಿಡಿಸಿ ಸಿಕ್ಕಿಸುವ ಕ್ಲಿಪ್‌ನಲ್ಲಿ, ಪ್ಲಾಸ್ಟರ್ ಅಡಿಯಲ್ಲಿ. ಒಣ ಟಿಶ್ಯೂ ಒತ್ತಿ ನೋಡಿ, ಮೂಸಿಯೂ ನೋಡಿ. ಇನ್ಸುಲಿನ್‌ನಲ್ಲಿರುವ ಸಂರಕ್ಷಕಕ್ಕೆ ಆಸ್ಪತ್ರೆಯ ಘಾಟು ಇದೆ, ಒದ್ದೆ ಕಾಣುವ ಮೊದಲೇ ಎಷ್ಟೋ ಸಲ ಅದು ಗೊತ್ತಾಗುತ್ತದೆ.

ಮಲಗುವ ಮುನ್ನ ಸೆಟ್ ಬದಲಿಸಬೇಡಿ. ಬೆಳಿಗ್ಗೆ ಊಟಕ್ಕೆಂದು ಒಮ್ಮೆಲೇ ಕೊಡುವ ಡೋಸ್‌ಗೆ, ಅಂದರೆ ಬೋಲಸ್‌ಗೆ ಮುಂಚೆ ಹಾಕಿದರೆ ಆ ಬೋಲಸ್ಸೇ ಪರೀಕ್ಷೆ, ಎರಡು ಗಂಟೆ ಬಿಟ್ಟು ಶುಗರ್ ನೋಡಿ. ಕಾರಣವಿಲ್ಲದೆ 250 ದಾಟಿದ್ದರೆ, ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲವಾದ ಕೀಟೋನ್ ನೋಡಿ. ಪಂಪ್‌ನಲ್ಲಿರುವುದು ಬೇಗ ಮುಗಿಯುವ ಇನ್ಸುಲಿನ್ ಮಾತ್ರ, ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರತೊಡಗುತ್ತದೆ. ಕೀಟೋನ್ ಇದ್ದರೆ ತಿದ್ದುವ ಡೋಸನ್ನು ಪಂಪ್‌ನಿಂದ ಕೊಡಬೇಡಿ, ವೈದ್ಯರು ಹೇಳಿಕೊಟ್ಟ ಲೆಕ್ಕದಂತೆ ಪೆನ್ ಅಥವಾ ಸಿರಿಂಜ್‌ನಿಂದ ಕೊಟ್ಟು, ಹೊಸ ಸೆಟ್ ಬೇರೆ ಜಾಗಕ್ಕೆ ಹಾಕಿ. ವಾಂತಿ ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ತೆಗೆದ ಸೆಟ್ ಎಸೆಯುವ ಮೊದಲು ಕ್ಯಾನುಲಾ ನೋಡಿ. ಮಡಚಿದ್ದರೆ ಚುಚ್ಚಿದ ಕೋನ ಅಥವಾ ಆ ಜಾಗ ಸರಿಯಿರಲಿಲ್ಲ. ನೇರವಾಗಿದ್ದು ಪ್ಲಾಸ್ಟರ್ ಒದ್ದೆಯಿದ್ದರೆ ಸೋರಿದೆ. ನೇರವಾಗಿದ್ದು ಒಣಗಿಯೂ ಇದ್ದರೆ ಗಂಟು ಮತ್ತು ಗುಳ್ಳೆಯ ಕಡೆ ಹುಡುಕಿ, ಇನ್ಸುಲಿನ್ ಬಾಟಲಿಯನ್ನೂ ಬದಲಿಸಿ.