ಹಸಿರು ಸಾಲು ನಂಬಿ ಕೆಟ್ಟೆ

ನಮ್ಮದು ಏಳು ಜನರ ಸಪೋರ್ಟ್ ಟೀಮ್. ಯಾರಿಗೆ ಯಾವ ಕೆಲಸ ಎಷ್ಟು ಬರುತ್ತೆ ಅನ್ನೋ ಸ್ಕಿಲ್ ಮ್ಯಾಟ್ರಿಕ್ಸ್ ಮಾಡಿದ್ದು ನಾನೇ. 14 ಕೆಲಸ, 14 ಸಾಲು. ಒಬ್ಬೊಬ್ಬರಿಗೂ 0ಯಿಂದ 4ರವರೆಗೆ ಅಂಕ. ಅಂಕವನ್ನು ಅವರವರೇ ತುಂಬಿದ್ದರು. ಸಾಲಿನ ಕೊನೆಯಲ್ಲಿ ಸರಾಸರಿ, 2 ದಾಟಿದರೆ ಹಸಿರು. 14ರಲ್ಲಿ 12 ಹಸಿರು ಬಂತು. ಮ್ಯಾನೇಜರ್ ಅದನ್ನೇ ಸ್ಲೈಡಿಗೆ ಹಾಕಿ "ಕವರೇಜ್ 86%" ಅಂದರು. ನಾನೂ ಬೀಗಿದೆ.

ಅವತ್ತು ಬೆಳಿಗ್ಗೆ ಅಲರ್ಟ್ ಬಂತು. ಮುಖ್ಯ ಸರ್ವರ್‌ನ ಸರ್ಟಿಫಿಕೇಟ್ ಇನ್ನು ನಾಲ್ಕು ಗಂಟೆಯಲ್ಲಿ ಮುಗಿಯುತ್ತೆ. ಅದನ್ನು ಪ್ರತಿ ಸಲ ರಿನ್ಯೂ ಮಾಡೋದು ನಮ್ಮ ಸೀನಿಯರ್ ಮೇಡಂ. ಅವರು ವಿಮಾನದಲ್ಲಿ. ನಾನು ಗಾಬರಿಯಾಗಲಿಲ್ಲ. ಶೀಟ್ ತೆಗೆದರೆ ಆ ಸಾಲು ಹಸಿರು, ಸರಾಸರಿ 2.3. ಇನ್ನೊಬ್ಬ ಹುಡುಗನ ಹೆಸರಿನ ಕೆಳಗೆ 3 ಇತ್ತು. "ನೀನು ಮಾಡ್ತೀಯಲ್ವಾ?" ಅಂದೆ. "ಮಾಡ್ತೀನಿ ಸರ್, ಎರಡು ಸಲ ನೋಡಿದೀನಿ" ಅಂದ. ನೋಡಿದೀನಿ ಅನ್ನೋ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹೊಸ ಸರ್ಟಿಫಿಕೇಟ್ ತರಿಸಿ, ಹಾಕಿ, ರೀಲೋಡ್ ಮಾಡಿದ. ಬ್ರೌಸರಿನಲ್ಲಿ ಸೈಟ್ ತೆರೆದರೆ ಬೀಗದ ಗುರುತು ಸರಿಯಾಗಿದೆ, ಹೊಸ ತಾರೀಖೂ ಇದೆ. ನಾನು ಗ್ರೂಪಿನಲ್ಲಿ "ಮುಗೀತು" ಅಂತ ಹಾಕಿಬಿಟ್ಟೆ. ಹತ್ತು ನಿಮಿಷಕ್ಕೆ ಮೊಬೈಲ್ ಆ್ಯಪ್ ಕೆಲಸ ಮಾಡ್ತಿಲ್ಲ ಅಂತ ಟಿಕೆಟ್‌ಗಳು ಶುರು. ಅವನು ರೀಸ್ಟಾರ್ಟ್ ಮಾಡಿದ. ಮತ್ತೆ ಮಾಡಿದ. ನಾನು ಅವನ ಕುರ್ಚಿ ಹಿಂದೆ ನಿಂತು, ಬ್ರೌಸರಿನಲ್ಲಿ ಬರ್ತಿದೆಯಲ್ಲ, ಆ್ಯಪ್ ಟೀಮಿನವರದ್ದೇ ತಪ್ಪಿರಬೇಕು ಅಂತ ಜೋರಾಗಿ ವಾದ ಮಾಡ್ತಿದ್ದೆ. ನಲವತ್ತು ನಿಮಿಷ ಹಾಗೇ ಹೋಯಿತು. ಕೊನೆಗೆ ನೆಟ್‌ವರ್ಕ್ ಟೀಮಿನ ಒಬ್ಬರು ಬಂದು ಒಂದೇ ಸಾಲು ಹೊಡೆದರು:

```
openssl s_client -connect HOST:443 -showcerts
```

ಕೊನೆಯಲ್ಲಿ `Verify return code: 21 (unable to verify the first certificate)` ಅಂತ ಬಂತು. ನಮ್ಮ ಸರ್ಟಿಫಿಕೇಟ್ ಹಾಕಿದ್ದೆವು, ಅದನ್ನು ನಂಬೋಕೆ ಕೊಂಡಿಯಾಗಿ ಜೊತೆಗೆ ಕೊಡಬೇಕಾದ ಇಂಟರ್ಮೀಡಿಯೇಟ್ ಸರ್ಟಿಫಿಕೇಟನ್ನು ಫೈಲಿಗೆ ಸೇರಿಸಿರಲಿಲ್ಲ. ಎಷ್ಟೋ ಬ್ರೌಸರ್‌ಗಳು ಅದನ್ನು ತಾವೇ ಹುಡುಕಿಕೊಳ್ತವೆ, ಇಲ್ಲವೇ ಮೊದಲೇ ಇಟ್ಟುಕೊಂಡಿರ್ತವೆ. ನಮ್ಮ ಆ್ಯಪ್‌ಗೆ ಆ ಉಪಾಯ ಇಲ್ಲ. ಮೇಡಂ ಎರಡೂ ಫೈಲ್ ಜೋಡಿಸುವಾಗ ಹುಡುಗ ಪಕ್ಕದಲ್ಲೇ ಇದ್ದ. ಆದರೆ ಯಾಕೆ ಜೋಡಿಸ್ತಾರೆ ಅಂತ ಕೇಳಿರಲಿಲ್ಲ. ಸರಿಪಡಿಸೋಕೆ ಎರಡು ನಿಮಿಷ ಸಾಕಾಯಿತು.

ಅವನನ್ನು ಬೈಯೋಕೆ ನನಗೆ ಮುಖ ಇರಲಿಲ್ಲ. ಅಂಕ ಅಪ್ರೈಸಲ್‌ಗೆ ಹೋಗುತ್ತೆ ಅಂತ ಗೊತ್ತಿದ್ದರೆ ಯಾರು ತಾನೇ 1 ಬರ್ಕೊಳ್ತಾರೆ? ಇನ್ನು ಸರಾಸರಿ ಹಾಕಿದ ಬುದ್ಧಿವಂತ ನಾನು. ಆ ಸಾಲಿನ ಅಂಕ 4, 3, 2, 2, 2, 2, 1. ಅರ್ಧಂಬರ್ಧ ಬಲ್ಲ ನಾಲ್ವರು ಸೇರಿದರೆ ಪೂರ್ತಿ ಬಲ್ಲ ಒಬ್ಬರಾಗೋದಿಲ್ಲ.

ಆಮೇಲೆ ಸರಾಸರಿ ಕಿತ್ತು ಹಾಕಿ, ಎಣಿಕೆ ಹಾಕಿದೆ:

```
=COUNTIF(C9:I9,">=3")
```

3 ಬೇಕಾದರೆ ಆ ಕೆಲಸವನ್ನು ಕಳೆದ ಒಂದು ವರ್ಷದಲ್ಲಿ ಒಬ್ಬರೇ, ತಮ್ಮದೇ ಲಾಗಿನ್‌ನಲ್ಲಿ ಮಾಡಿರಬೇಕು. ಪಕ್ಕದಲ್ಲಿ ತಾರೀಖು ಬರೀಬೇಕು. ಅಷ್ಟಕ್ಕೇ ಐದು ಸಾಲುಗಳಲ್ಲಿ ಎಣಿಕೆ 1ಕ್ಕೆ ಇಳಿಯಿತು, ಅವು ಕೆಂಪಾದವು. ಅದಕ್ಕಿಂತ ಹೆದರಿಸಿದ್ದು ಶೀಟನ್ನು ಮೇಲಿಂದ ಕೆಳಗೆ ಓದಿದಾಗ. ಐದರಲ್ಲಿ ನಾಲ್ಕು ಮೇಡಂ ಒಬ್ಬರದ್ದೇ. ಸಾಲು ಸಾಲಾಗಿ ನೋಡಿದರೆ ಇದು ಕಾಣೋದೇ ಇಲ್ಲ. ಮ್ಯಾನೇಜರ್ ಕೇಳಿದ್ದು ಒಂದೇ: "86 ಇದ್ದದ್ದು 64 ಹೇಗಾಯಿತು? ಟೀಮ್ ಹಿಂದೆ ಬಿತ್ತಾ?"

ನಾಲ್ಕನ್ನೂ ಒಟ್ಟಿಗೆ ಕಲಿಸಿಬಿಡೋಣ ಅಂತ ಪ್ಲಾನ್ ಬರೆದೆ. ಮೇಡಂ ನಕ್ಕರು. ಕಲಿಸಬೇಕಾದವರು ಅವರೊಬ್ಬರೇ, ಅವರಿಗೆ ವಾರಕ್ಕೆ ಸಿಗೋದು ಎರಡು ಗಂಟೆ. ಹಾಗಾಗಿ ಒಂದೊಂದೇ. ಒಂದು ದಿನ ನಿಂತರೆ ಜಾಸ್ತಿ ಪೆಟ್ಟು ಬೀಳೋ ಕೆಲಸ ಮೊದಲು, ಅಂದರೆ ಸರ್ಟಿಫಿಕೇಟೇ. ಆದರೆ ನಮ್ಮಲ್ಲಿ ಅದು ಯಾವಾಗಲೋ ಒಮ್ಮೆ ಬರೋ ಕೆಲಸ. ಬರಲಿ, ಆಗ ಕಲಿಯೋಣ ಅಂದರೆ ಮತ್ತೆ ಅದೇ ಕಥೆ. ಟೆಸ್ಟ್ ಸರ್ವರ್‌ನಲ್ಲಿ ಬೇಕಂತಲೇ ಮಾಡಿಸಿದೆವು. ಮೊದಲ ಸಲ ಹುಡುಗ ನೋಡಿದ, ಟಿಪ್ಪಣಿ ಬರೆದ. ಎರಡನೇ ಸಲ ಅವನು ಮಾಡಿದ, ಮೇಡಂ ಕೀಬೋರ್ಡ್ ಮುಟ್ಟಲಿಲ್ಲ. ಮೂರನೇ ಸಲ ಅವರು ರೂಮಿನಲ್ಲೇ ಇರಲಿಲ್ಲ. ಆಗ ಗೊತ್ತಾಯಿತು, ಸರ್ಟಿಫಿಕೇಟಿನ ಕೀ ಇದ್ದ ಫೋಲ್ಡರ್ ತೆರೆಯೋಕೆ ಅವನಿಗೆ ಪರ್ಮಿಷನ್ನೇ ಇಲ್ಲ. ಅವತ್ತು ಹೊಸ ಕೀ ಮಾಡಿಕೊಂಡಿದ್ದರಿಂದ ಬಚಾವ್ ಆಗಿದ್ದೆವು ಅಷ್ಟೇ.

ಪರ್ಮಿಷನ್ ಟಿಕೆಟ್ ಹಾಕಿ ಹನ್ನೊಂದು ದಿನ ಆಯಿತು. ಇನ್ನೂ ಅಪ್ರೂವಲ್‌ನಲ್ಲಿದೆ. ಆ ಸಾಲು ಕೆಂಪಾಗಿಯೇ ಇದೆ, ಮೇಡಂ ಮುಂದಿನ ವಾರ ರಜೆ.