ಫ್ರೈಟ್ ಸಾಲಿನ ಮೇಲೆ ಹಾಕದೇ ಬಿಟ್ಟ ಜಿಎಸ್‌ಟಿ ಯಾರ ತಲೆಗೆ?

ಪೀಣ್ಯದಲ್ಲಿರುವ ನಮ್ಮ ಕಂಪನಿಗೆ ಸ್ಟೀಲ್ ಪ್ಯಾಲೆಟ್ ಮಾಡಿಕೊಡುವವರು ಬೊಮ್ಮಸಂದ್ರದ ಒಬ್ಬ ಸಣ್ಣ ಸಪ್ಲೈಯರ್. 2025ರ ಜನವರಿಯಲ್ಲಿ ಅವರಿಂದ ಒಂದು ಮೇಲ್ ಬಂತು. 2022-23 ಮತ್ತು 2023-24ರ ಹಳೇ ಬಿಲ್ಲುಗಳ ಉದ್ದನೆಯ ಪಟ್ಟಿ, ಅದರ ಕೆಳಗೆ ನಾವು ಕೊಡಬೇಕಾದ ಮೊತ್ತ: ಜಿಎಸ್‌ಟಿ ₹1,62,000, ಬಡ್ಡಿ ಸುಮಾರು ₹55,000. ಎಲ್ಲ ಬಿಲ್ಲೂ ಪಾಸಾಗಿ, ಹಣ ಸಂದಾಯವಾಗಿ, ಆ ವರ್ಷಗಳ ಲೆಕ್ಕವೇ ಮುಗಿದಿತ್ತು. ಬಿಲ್ ಪಾಸಿಂಗ್ ನೋಡಿಕೊಳ್ಳುವವಳು ನಾನು, ಹಾಗಾಗಿ ಮೇಲ್ ನೇರ ನನ್ನ ಟೇಬಲ್ಲಿಗೇ ಬಂತು.

ಅವರ ಬಿಲ್ಲಿನ ರೂಪ ಹೀಗಿತ್ತು. ಪ್ಯಾಲೆಟ್ ಬೆಲೆ ₹2,00,000, ಅದರ ಮೇಲೆ ಶೇ 18ರಂತೆ ಜಿಎಸ್‌ಟಿ ₹36,000. ಅದರ ಕೆಳಗೆ, ತೆರಿಗೆಯ ಸಾಲು ಮುಗಿದ ಮೇಲೆ, ಸಾಗಣೆಯ ಖರ್ಚು, ಅಂದರೆ ಫ್ರೈಟ್ ₹6,000. ಒಟ್ಟು ₹2,42,000. ಫ್ರೈಟ್ ಮೇಲೆ ತೆರಿಗೆಯೇ ಇಲ್ಲ. ನಮ್ಮ ಪರ್ಚೇಸ್ ಆರ್ಡರ್, ಅಂದರೆ ಪಿಒದಲ್ಲಿದ್ದದ್ದು "ಜಿಎಸ್‌ಟಿ ಪ್ರತ್ಯೇಕ, ಅನ್ವಯವಾಗುವಂತೆ, ಫ್ರೈಟ್ ಪ್ರತ್ಯೇಕ, ವಾಸ್ತವ ಖರ್ಚಿನಂತೆ". ಎರಡು ವರ್ಷದಲ್ಲಿ ಹೀಗೆ ಕೊಟ್ಟ ಫ್ರೈಟ್ ₹9 ಲಕ್ಷ. ಅವರ ಪುಸ್ತಕಗಳ ಜಿಎಸ್‌ಟಿ ಆಡಿಟ್‌ನಲ್ಲಿ ಅಧಿಕಾರಿಗಳು ಕೈಯಿಟ್ಟದ್ದು ಇಲ್ಲೇ.

ಫೋನ್ ಮಾಡಿದಾಗ ಯಜಮಾನರು ಹೇಳಿದ್ದು: "ಮೇಡಂ, ಲಾರಿ ಬಾಡಿಗೆ ಮೇಲೆ ನಾನು ಆರ್‌ಸಿಎಂನಲ್ಲಿ ಐದು ಪರ್ಸೆಂಟ್ ಕಟ್ಟಿದ್ದೀನಲ್ಲ, ಮತ್ತೆ ಇದ್ಯಾವ ಟ್ಯಾಕ್ಸು?" ಈ ಗೊಂದಲ ಅವರೊಬ್ಬರದ್ದಲ್ಲ. ಟ್ರಾನ್ಸ್‌ಪೋರ್ಟಿನವರು ಅವರಿಗೆ ಕೊಟ್ಟ ಸೇವೆಗೆ, ಸೇವೆ ಪಡೆದವರೇ ತೆರಿಗೆ ಕಟ್ಟುವ ಆರ್‌ಸಿಎಂ ಪ್ರಕಾರ, ಅವರು ಕಟ್ಟಿದ್ದು ಒಂದು ವ್ಯವಹಾರ. ಅವರು ನಮಗೆ ಪ್ಯಾಲೆಟ್ ತಂದಿಳಿಸಿ, ಸಾಗಣೆಯ ಹಣವನ್ನೂ ನಮ್ಮಿಂದ ಪಡೆದದ್ದು ಇನ್ನೊಂದು. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 2(30)ರಲ್ಲಿ ಕಾಂಪೊಸಿಟ್ ಸಪ್ಲೈ ಅಂದರೇನು ಎನ್ನುವುದಕ್ಕೆ ಕೊಟ್ಟಿರುವ ಉದಾಹರಣೆಯೇ ಇದು: ಸರಕನ್ನು ಪ್ಯಾಕ್ ಮಾಡಿ, ವಿಮೆಯೊಂದಿಗೆ ಸಾಗಿಸಿ ಕೊಟ್ಟರೆ ಅಷ್ಟೂ ಸೇರಿ ಒಂದೇ ಪೂರೈಕೆ, ಅದರಲ್ಲಿ ಸರಕೇ ಮುಖ್ಯ. ಆದ್ದರಿಂದ ಸರಕಿನ ದರವೇ ಫ್ರೈಟ್‌ಗೂ ಹತ್ತುತ್ತದೆ. ನಮ್ಮ ಪರವಾಗಿ ಪ್ಯೂರ್ ಏಜೆಂಟ್ ಆಗಿ ಬಾಡಿಗೆ ಕಟ್ಟಿದೆ ಅನ್ನೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಲಾರಿ ಗೊತ್ತು ಮಾಡಿದವರು ಅವರು, ಟ್ರಾನ್ಸ್‌ಪೋರ್ಟ್ ಬಿಲ್ ಇದ್ದದ್ದೂ ಅವರ ಹೆಸರಿಗೆ.

ನಮ್ಮ ಪರ್ಚೇಸ್ ಹೆಡ್ ಮೇಲ್ ನೋಡಿದವರೇ, ಒಂದು ರೂಪಾಯಿ ಕೊಡಬೇಡಿ ಅಂದರು. "ವಾಸ್ತವ ಖರ್ಚು ಅಂದರೆ ಲಾರಿ ಬಾಡಿಗೆ, ಅಷ್ಟೇ. ಬಿಲ್ ಅವರೇ ಕೊಟ್ಟದ್ದು, ಅವರು ಕೇಳಿದಷ್ಟನ್ನು ನಾವು ಕೊಟ್ಟಾಗಿದೆ. ಜಾಸ್ತಿ ಮಾತಾಡಿದರೆ ಈಗಿನ ನಾಲ್ಕು ಲಕ್ಷ ಪೇಮೆಂಟ್ ಹೋಲ್ಡ್ ಮಾಡಿ." ಅತ್ತ ಯಜಮಾನರು, ಇದು ತೀರ್ಮಾನ ಆಗುವ ತನಕ ಮುಂದಿನ ಲೋಡ್ ಕಳಿಸುವುದಿಲ್ಲ ಅಂದರು. ಡಿಸ್‌ಪ್ಯಾಚ್‌ನವರ ಹತ್ತಿರ ಪ್ಯಾಲೆಟ್ ಸ್ಟಾಕ್ ತಳ ಮುಟ್ಟಿತ್ತು. ಹೋಲ್ಡ್ ಮಾಡುವ ಮಾತನ್ನು ನಾನು ಅಲ್ಲೇ ತಡೆದೆ. ಅವರು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕ, ಆ ನಾಲ್ಕು ಲಕ್ಷದ ಬಿಲ್ಲುಗಳಲ್ಲಿ ತಕರಾರೇ ಇಲ್ಲ. ಎಂಎಸ್‌ಎಂಇ ಕಾಯ್ದೆಯ 45 ದಿನದ ಮಿತಿ ದಾಟಿಸಿದರೆ ನಾವೇ ಬಡ್ಡಿ ಕೊಡಬೇಕಾಗುತ್ತದೆ, ಮಾರ್ಚ್ ದಾಟಿದರೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಆ ಖರ್ಚಿನ ಕಡಿತವೂ ಆ ವರ್ಷಕ್ಕೆ ಸಿಗುವುದಿಲ್ಲ.

ಈ ಜಗಳದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸರ್ಕಾರಕ್ಕೆ ತೆರಿಗೆ ಕಟ್ಟುವ ಹೊಣೆ ಯಾರದು ಎಂಬುದನ್ನು ಹೇಳುವುದು ಕಾನೂನು. ಇಲ್ಲಿ ಅದು ಸಪ್ಲೈಯರ್‌ದು, ಪಿಒದಲ್ಲಿ ಏನೇ ಬರೆದುಕೊಂಡರೂ ಬದಲಾಗುವುದಿಲ್ಲ. ಆ ಭಾರ ಕೊನೆಗೆ ಯಾರ ಜೇಬಿನ ಮೇಲೆ ಬೀಳಬೇಕು ಎಂಬುದನ್ನು ಹೇಳುವುದು ಒಪ್ಪಂದ. ರಾಷ್ಟ್ರೀಯ ಇಸ್ಪಾತ್ ನಿಗಮದ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಅಲ್ಲಿ ಸರ್ವಿಸ್ ಟ್ಯಾಕ್ಸ್ ಕಟ್ಟುವ ಹೊಣೆ ನಿಗಮದ್ದೇ ಆಗಿದ್ದರೂ, ಎಲ್ಲ ತೆರಿಗೆಯನ್ನೂ ಕಾಂಟ್ರಾಕ್ಟರ್ ಭರಿಸಬೇಕು ಎಂಬ ಷರತ್ತಿನ ಬಲದ ಮೇಲೆ ನಿಗಮ ಅದನ್ನು ಅವರ ಬಿಲ್ಲಿನಲ್ಲಿ ಹಿಡಿದುಕೊಂಡಿತ್ತು. ಅದು ಸರಿ ಎಂದಾಯಿತು.

ನಮ್ಮ ಪಿಒದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂದಿತ್ತು, ಫ್ರೈಟ್‌ಗೆ ಅದು ಅನ್ವಯಿಸದು ಎಂದು ಎಲ್ಲೂ ಇರಲಿಲ್ಲ. ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿದೆ ಎಂದು ಬರೆದಿದ್ದರೆ ಮಾತೇ ಬೇರೆಯಾಗುತ್ತಿತ್ತು. ಆಗ ರೂಲ್ 35ರಂತೆ ಆ ₹9 ಲಕ್ಷದ ಒಳಗಿನಿಂದಲೇ ತೆರಿಗೆ ತೆಗೆಯಬೇಕು: 9,00,000ವನ್ನು 18ರಿಂದ ಗುಣಿಸಿ 118ರಿಂದ ಭಾಗಿಸಿದರೆ ₹1,37,288. ಅಷ್ಟೂ ಸಪ್ಲೈಯರ್ ಕೈಯಿಂದಲೇ ಹೋಗುತ್ತಿತ್ತು. ನಮ್ಮ ಪಿಒ ಭಾಷೆಯಲ್ಲಿ ತೆರಿಗೆಯ ಭಾರ ನಮ್ಮದೇ ಎಂದು ನಾನು ಹೇಳಿದ್ದು ಹೆಡ್‌ಗೆ ಹಿಡಿಸಲಿಲ್ಲ.

ಆದರೆ ಅವರಿಬ್ಬರೂ ಕೇಳದೇ ಬಿಟ್ಟ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ನಾವು ಕೊಡುವ ₹1,62,000ಕ್ಕೆ ಐಟಿಸಿ, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುತ್ತದೋ ಇಲ್ಲವೋ? ನಮ್ಮ ಮಾರಾಟವೆಲ್ಲ ತೆರಿಗೆಗೆ ಒಳಪಟ್ಟದ್ದು. ಐಟಿಸಿ ಸಿಕ್ಕರೆ ನಮಗೆ ಖರ್ಚು ಸೊನ್ನೆ, ಜಗಳವಾಡಲು ಏನೂ ಉಳಿಯುವುದಿಲ್ಲ. ಸಿಗದಿದ್ದರೆ ಅದು ಅಪ್ಪಟ ನಷ್ಟ. ಅದನ್ನು ನಿರ್ಧರಿಸುವುದು ಸಪ್ಲೈಯರ್ ಆ ತೆರಿಗೆಯನ್ನು ಯಾವ ದಾರಿಯಲ್ಲಿ ಕಟ್ಟುತ್ತಾರೆ ಎಂಬುದು.

ಯಜಮಾನರನ್ನೂ ಅವರ ಕನ್ಸಲ್ಟೆಂಟ್‌ರನ್ನೂ ಕಾನ್ಫರೆನ್ಸ್ ಕಾಲ್‌ಗೆ ತೆಗೆದುಕೊಂಡು, "ತೆರಿಗೆ ಕಟ್ಟಾಯಿತಾ?" ಅಂತ ಕೇಳಿದೆ. ಕನ್ಸಲ್ಟೆಂಟ್, "ಡಿಆರ್‌ಸಿ-03 ರೆಡಿ ಇದೆ, ಸಂಜೆ ಫೈಲ್ ಮಾಡ್ತೀವಿ" ಅಂದರು. ಬಾಕಿ ತೆರಿಗೆಯನ್ನು ತಾವಾಗಿ ಕಟ್ಟುವ ಫಾರ್ಮ್ ಅದು. "ಯಾವ ಸೆಕ್ಷನ್ ಸೆಲೆಕ್ಟ್ ಮಾಡಿದ್ದೀರಿ ಸರ್?" ಅತ್ತ ಕಡೆ ಮಾತು ನಿಂತಿತು. ಮೌಸ್ ಕ್ಲಿಕ್ ಸದ್ದು ಫೋನಿನಲ್ಲೇ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಹೆಡ್ ನನ್ನ ಮುಖ ನೋಡಿದರು, ಇದನ್ನು ಯಾಕೆ ಕೇಳುತ್ತಿದ್ದೇನೆಂದು ಅವರಿಗೆ ಗೊತ್ತಾಗಲಿಲ್ಲ. "74(5) ಹಾಕಿದ್ದೀವಿ ಮೇಡಂ. ಹದಿನೈದು ಪರ್ಸೆಂಟ್ ಪೆನಾಲ್ಟಿ ಸೇರಿಸಿ ಕಟ್ಟಿಬಿಟ್ಟರೆ ಅಲ್ಲಿಗೆ ಮುಗೀತಲ್ಲ ಅಂತ."

ಸೆಕ್ಷನ್ 74 ಇರುವುದು ವಂಚನೆಗೆ, ಬೇಕೆಂದೇ ಮುಚ್ಚಿಟ್ಟದ್ದಕ್ಕೆ. ಅದರಡಿ ಕಟ್ಟಿದ ತೆರಿಗೆಗೆ ಕೊಂಡವರಿಗೆ ಐಟಿಸಿ ಇಲ್ಲ, ಸೆಕ್ಷನ್ 17(5)(i) ಅದನ್ನು ಮುಚ್ಚಿಬಿಡುತ್ತದೆ. ಈಗಿನ ತಿದ್ದುಪಡಿಯಂತೆ ಈ ತಡೆ 2023-24ರ ತನಕದ ಅವಧಿಗೆ ಮಾತ್ರ, ನಮ್ಮ ಎರಡು ವರ್ಷಗಳೂ ಅದರೊಳಗೇ ಬರುತ್ತವೆ. ಆ ಸಂಜೆ ಅದು ಫೈಲ್ ಆಗಿದ್ದರೆ ಅವರು ಇಲ್ಲದ ಪೆನಾಲ್ಟಿ ಕಟ್ಟುತ್ತಿದ್ದರು, ನಮಗೆ ₹1,62,000 ಕೈಬಿಡುತ್ತಿತ್ತು. ಆಮೇಲೆ ಇಬ್ಬರೂ ನಿಜವಾಗಿ ಹೊಡೆದಾಡಬೇಕಾಗುತ್ತಿತ್ತು. ಅವರು ಮುಚ್ಚಿಟ್ಟದ್ದಾದರೂ ಏನು? ಪ್ರತಿ ಬಿಲ್ಲಿನಲ್ಲೂ ಫ್ರೈಟ್ ಸಾಲು ಎದ್ದು ಕಾಣುವಂತೆ ಇದೆ.

ಇದಕ್ಕೆ ಸರಿಯಾದ ದಾರಿ ಸೆಕ್ಷನ್ 34(3)ರ ಡೆಬಿಟ್ ನೋಟ್. ಬಿಲ್ಲಿನಲ್ಲಿ ತೆರಿಗೆ ಕಡಿಮೆ ಬಿದ್ದಿದ್ದರೆ ಸಪ್ಲೈಯರ್ ಅದನ್ನು ಕೊಡಬೇಕು. ಬಿಲ್ಲಿಗೊಂದು ಬೇಕಿಲ್ಲ, ಒಂದು ಆರ್ಥಿಕ ವರ್ಷದ ಎಲ್ಲ ಬಿಲ್ಲಿಗೂ ಸೇರಿ ಒಂದು ಸಾಕು. ಹಾಗಾಗಿ ಎರಡು ವರ್ಷಕ್ಕೆ ಎರಡು ನೋಟ್ ಕೇಳಿದೆವು. ಅದನ್ನು ಜನವರಿಯ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿ, ತೆರಿಗೆಯನ್ನು ತೆರಿಗೆ ಕಟ್ಟುವ ರಿಟರ್ನ್ ಆದ 3ಬಿಯಲ್ಲಿ ಕಟ್ಟುವುದು. ಡಿಆರ್‌ಸಿ-03ರಲ್ಲಿ ಒಮ್ಮೆ ಕಟ್ಟಿ ಆಮೇಲೆ ಡೆಬಿಟ್ ನೋಟನ್ನೂ ತೋರಿಸಿದರೆ ಅದೇ ತೆರಿಗೆ ಎರಡನೇ ಸಲ 3ಬಿಯಲ್ಲಿ ಬಂದು ಕೂರುತ್ತದೆ. ತೋರಿಸದೇ ಬಿಟ್ಟರೆ ನಮಗೆ ಸಿಗುವ ಐಟಿಸಿಯ ಪಟ್ಟಿಯಾದ 2ಬಿಯಲ್ಲಿ ಬರುವುದಿಲ್ಲ, 2ಬಿಯಲ್ಲಿ ಇಲ್ಲದ್ದಕ್ಕೆ ಐಟಿಸಿ ಇಲ್ಲ.

ಹೆಡ್‌ಗೆ ಇನ್ನೊಂದು ಅನುಮಾನ ಇತ್ತು: 2022-23ರ ಬಿಲ್ಲಿನ ಐಟಿಸಿ ಗಡುವು 2023ರ ನವೆಂಬರ್ 30ಕ್ಕೇ ಮುಗಿದಿದೆಯಲ್ಲ? ಡೆಬಿಟ್ ನೋಟ್‌ಗೆ ಈಗ ಮೂಲ ಬಿಲ್ಲಿನ ವರ್ಷ ಲೆಕ್ಕಕ್ಕಿಲ್ಲ, ನೋಟಿನ ದಿನಾಂಕದ ವರ್ಷವೇ ಲೆಕ್ಕ. 2021ರ ಜನವರಿ 1ರಿಂದ ಜಾರಿಯಾದ ತಿದ್ದುಪಡಿ ಅದು, 160ನೇ ಸರ್ಕ್ಯುಲರ್‌ನಲ್ಲಿ ಸ್ಪಷ್ಟನೆಯೂ ಇದೆ. ನಮ್ಮ ನೋಟಿನ ದಿನಾಂಕ 2025ರ ಜನವರಿ, ಅಂದರೆ 2025ರ ನವೆಂಬರ್ 30ರ ತನಕ ಅವಕಾಶವಿತ್ತು. ಸರ್ಕ್ಯುಲರ್ ಪ್ರಿಂಟ್ ತೆಗೆದು ಟೇಬಲ್ ಮೇಲಿಟ್ಟ ಮೇಲೆ ಅವರು ಸಹಿ ಹಾಕಿದರು. ಸಪ್ಲೈಯರ್ ಕಡೆಯವರು ಡೆಬಿಟ್ ನೋಟ್, ರಿಟರ್ನ್ ಎರಡನ್ನೂ ಆಡಿಟ್ ಅಧಿಕಾರಿಗಳಿಗೆ ಕೊಟ್ಟರು, ತೆರಿಗೆಯ ವಿಷಯ ಅಲ್ಲಿಗೆ ನಿಂತಿತು. ಫೆಬ್ರವರಿಯಲ್ಲಿ ಎರಡೂ ನೋಟ್ 2ಬಿಯಲ್ಲಿ ಕಂಡ ಮೇಲೆ ನಾವು ಹಣ ಬಿಡುಗಡೆ ಮಾಡಿದೆವು.

ಉಳಿದದ್ದು ಬಡ್ಡಿ. ಸೆಕ್ಷನ್ 50ರ ಶೇ 18ರ ಬಡ್ಡಿ ತಡವಾಗಿ ಕಟ್ಟಿದವರ ಮೇಲೆ ಬೀಳುವುದು, ಅದಕ್ಕೆ ಐಟಿಸಿ ಇಲ್ಲ, ಪಿಒದ "ಜಿಎಸ್‌ಟಿ ಪ್ರತ್ಯೇಕ" ಎಂಬ ಮಾತಿನೊಳಗೆ ಅದು ಬರುವುದೂ ಇಲ್ಲ. ಕಾಗದದ ಪ್ರಕಾರ ನಾವು ಕೊಡಬೇಕಿರಲಿಲ್ಲ, ಕೊಡಲೂ ಇಲ್ಲ. ಆದರೂ ಯಜಮಾನರ ಮಾತು ನ್ಯಾಯದ್ದೇ: "ಆ ಟ್ಯಾಕ್ಸ್ ನಾನೇನು ವಸೂಲಿ ಮಾಡಿ ಇಟ್ಟುಕೊಂಡಿರಲಿಲ್ಲ ಮೇಡಂ. ಫ್ರೈಟ್ ಬೇರೆ ತೋರಿಸಿ ಅಂದವರು ನಿಮ್ಮವರೇ." ಅರ್ಧವನ್ನಾದರೂ ಹಂಚಿಕೊಳ್ಳೋಣ ಎಂದು ನಾನು ನೋಟ್ ಹಾಕಿದೆ. ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ. ಎರಡೂ ಕಡೆ ಅಕೌಂಟ್ಸ್ ವಿಭಾಗ ಇದ್ದು, ಸಣ್ಣವರ ಮೇಲೆ ಮಾತ್ರ ₹55,000 ಬಿದ್ದದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ.

ನಮ್ಮ ಜಾಗದಲ್ಲಿ ಒಂದು ಆಸ್ಪತ್ರೆಯೋ ಶಾಲೆಯೋ ಇದ್ದಿದ್ದರೆ ಕಥೆ ಹೀಗೆ ಮುಗಿಯುತ್ತಿರಲಿಲ್ಲ. ಅವರ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಐಟಿಸಿ ಬಳಸಲು ಬರುವುದಿಲ್ಲ, ಬಿಟ್ಟುಹೋದ ಶೇ 18 ಅವರಿಗೆ ಪೂರ್ತಿ ಖರ್ಚೇ. ಅಂಥವರು ಪಿಒ ಮಾಡುವಾಗಲೇ ತೆರಿಗೆ ಸೇರಿದ ಬೆಲೆ ಎಂದು ಬರೆಸಿಕೊಳ್ಳಬೇಕು.

ನಮ್ಮ ಹೊಸ ಪಿಒಗಳಲ್ಲಿ ಈಗ ಇರುವ ಸಾಲುಗಳು: ಫ್ರೈಟ್, ಪ್ಯಾಕಿಂಗ್ ಸೇರಿ ಎಲ್ಲ ಮೊತ್ತದ ಮೇಲೂ ಅನ್ವಯವಾಗುವ ಜಿಎಸ್‌ಟಿ ಪ್ರತ್ಯೇಕ, ಬಿಟ್ಟುಹೋದ ತೆರಿಗೆಯನ್ನು ಸರಿಯಾದ ಡೆಬಿಟ್ ನೋಟ್ ಕೊಟ್ಟು, ಅದು 2ಬಿಯಲ್ಲಿ ಕಂಡು, ಐಟಿಸಿ ಸಿಗುವಂತಿದ್ದರೆ ಮಾತ್ರ ಕೊಡಲಾಗುವುದು, ಸಪ್ಲೈಯರ್ ತಪ್ಪಿನಿಂದ ಬಂದ ಬಡ್ಡಿ, ಪೆನಾಲ್ಟಿ ಸಪ್ಲೈಯರ್‌ದು. ಬಿಲ್ಲಿನ ರೂಪ ನಾವೇ ಹೇಳಿದ್ದಾಗಿದ್ದರೆ ಬಡ್ಡಿ ಅರ್ಧರ್ಧ ಎಂಬ ಸಾಲನ್ನು ಸೇರಿಸಿ ಎಂದು ಮತ್ತೆ ಬರೆದು ಕಳಿಸಿದ್ದೇನೆ, ಲೀಗಲ್‌ನವರ ಹತ್ತಿರ ಇದೆ. ಇಆರ್‌ಪಿಯಲ್ಲಿ ಫ್ರೈಟ್ ಕಂಡೀಷನ್‌ಗೆ ಟ್ಯಾಕ್ಸ್ ಕೋಡ್ ಕೂರಿಸಿ ಎಂದು ಐಟಿಯವರಿಗೆ ಹಾಕಿದ ಟಿಕೆಟ್ ಮಾತ್ರ ಇನ್ನೂ ಓಪನ್ ಇದೆ. ಅಲ್ಲಿಯ ತನಕ ಫ್ರೈಟ್ ಇರುವ ಪ್ರತಿ ಬಿಲ್ಲನ್ನೂ ಕೈಯಲ್ಲೇ ತೆಗೆದು, ತೆರಿಗೆಯ ಸಾಲು ಫ್ರೈಟ್‌ನ ಕೆಳಗಿದೆಯೋ ಮೇಲಿದೆಯೋ ನೋಡಿಯೇ ಪಾಸ್ ಮಾಡುತ್ತಿದ್ದೇವೆ.